ಫೀ ಮತ್ತು ಶಿಸ್ತು ಒಂದೇ ದೂರಿನಲ್ಲಿ ಬಂದಾಗ: ಶಾಲೆಯ ಮುಖ್ಯಸ್ಥರಿಗೆ ಸಮಗ್ರ ಮಾರ್ಗದರ್ಶಿ

ಮುಧೋಳ, ಜಮಖಂಡಿ, ಮಹಾಲಿಂಗಪುರ ಕಡೆಯ ಖಾಸಗಿ ಶಾಲೆಗಳಲ್ಲಿ ಪಾಲಕರ ದೂರು ಜಾಸ್ತಿ ಬರುವುದು ಎರಡನೇ ಕಂತಿನ ಹೊತ್ತಿಗೆ, ದೀಪಾವಳಿಯ ಹಿಂದೆ ಮುಂದೆ. ಜೂನ್‌ನಲ್ಲಿ ಹೇಗೋ ಹೊಂದಿಸಿ ಮೊದಲ ಕಂತು ಕಟ್ಟಿರುತ್ತಾರೆ. ಎರಡನೆಯದು ಬರುವಾಗ ಕಬ್ಬು ಇನ್ನೂ ಹೊಲದಲ್ಲೇ ನಿಂತಿರುತ್ತದೆ, ಇಲ್ಲವೇ ಆಗಷ್ಟೇ ಕಾರ್ಖಾನೆಗೆ ಹೋಗಿರುತ್ತದೆ. ಕಬ್ಬು ತೂಗಿದ 14 ದಿನದೊಳಗೆ ಬಿಲ್ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೆ ಹಣ ನಿಜವಾಗಿ ಯಾವಾಗ ಬರುತ್ತದೆ ಎನ್ನುವುದು ಊರಿಗೆಲ್ಲ ಗೊತ್ತು. ಹಾಗಾಗಿ 'ಬಿಲ್ ಬಂದ ಮ್ಯಾಲೆ ಕೊಡ್ತೀನ್ರಿ' ಎನ್ನುವ ಪಾಲಕರು ಬಹಳ ಸಲ ನಿಜವನ್ನೇ ಹೇಳುತ್ತಿರುತ್ತಾರೆ. ಇತ್ತ ಶಾಲೆಗೂ ತಿಂಗಳ ಪಗಾರದ ಚಿಂತೆ. ಚೇರಮನ್ನರು ಹೆಡ್‌ಮಾಸ್ತರರಿಗೆ ಹೇಳುತ್ತಾರೆ, ಹೆಡ್‌ಮಾಸ್ತರರು ಕ್ಲಾಸ್ ಟೀಚರಿಗೆ ಹೇಳುತ್ತಾರೆ, ಟೀಚರ್ ಮಗುವಿಗೆ ಹೇಳುತ್ತಾರೆ. ಮಗು ಎದುರು ಮಾತಾಡಿದರೆ ಅಲ್ಲಿಂದ ಶಿಸ್ತಿನ ಗಲಾಟೆ ಶುರು.

ಮಾರನೇ ದಿನ ಬರುವ ಪಾಲಕರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಈ ಬರಹ ಅಂಥ ದೂರಿನದು. ಬರೀ ಫೀ ದೂರು ಬಂದರೆ ಲೆಡ್ಜರ್ ತೋರಿಸಿ ಮುಗಿಸಬಹುದು. ಬರೀ ಶಿಸ್ತಿನ ದೂರಿಗೂ ಒಂದು ದಾರಿ ಇದೆ. ಎರಡೂ ಸೇರಿದಾಗ ಶಾಲೆಗಳು ಒಂದನ್ನು ಇನ್ನೊಂದರ ಜೊತೆ ಚೌಕಾಶಿಗೆ ಇಡುತ್ತವೆ. 'ಬಾಕಿ ಬಿಟ್ಟು ಬಿಡ್ತೀವಿ, ದೂರು ವಾಪಸ್ ತಗೊಳ್ರಿ' ಅಥವಾ 'ಮೊದಲು ಫೀ ಕಟ್ರಿ, ಆಮೇಲೆ ಹೊಡೆದದ್ದರ ಬಗ್ಗೆ ಮಾತಾಡೋಣ.' ಎರಡೂ ತಪ್ಪು. ಇಡೀ ಪದ್ಧತಿ ನಿಂತಿರುವುದು ಒಂದು ನಿಯಮದ ಮೇಲೆ: ದೂರನ್ನು ಬಂದ ದಿನವೇ ಎರಡು ಭಾಗ ಮಾಡಿ, ಬೇರೆ ಬೇರೆ ಕೈಗೆ ಕೊಡಿ, ಒಂದು ಇನ್ನೊಂದಕ್ಕಾಗಿ ಕಾಯದಂತೆ ನೋಡಿಕೊಳ್ಳಿ.

ಕೊನೆತನಕ ಜೊತೆಗಿಟ್ಟುಕೊಳ್ಳಲು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹುಡುಗ ಏಳನೇ ತರಗತಿ. ವರ್ಷದ ಫೀ 26,000 ರೂಪಾಯಿ. ಜೂನ್‌ನಲ್ಲಿ 10,000, ಅಕ್ಟೋಬರ್‌ನಲ್ಲಿ 8,000, ಜನವರಿಯಲ್ಲಿ 8,000. ಈಗ ನವೆಂಬರ್. ಮಂಗಳವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಮೊದಲೇ ತಂದೆ ಬಂದು ನಿಂತಿದ್ದಾರೆ.

'ಸರ್, ನಾ ಐದು ಸಾವಿರ ಗಾಡಿ ಡ್ರೈವರ್ ಕೈಯಾಗ ಕೊಟ್ಟೀನಿ. ಪಾವತಿ ಕೊಟ್ಟಿಲ್ಲ. ಮ್ಯಾಲೆ ನಿನ್ನೆ ನನ್ನ ಮಗನ ಹೆಸರು ಕ್ಲಾಸಿನ್ಯಾಗ ಓದಿ, ಎರಡು ತಾಸು ಹೊರಗ ನಿಂದರಿಸ್ಯಾರ. ಸ್ಕೇಲ್‌ಲೇ ಹೊಡೆದಾರ. ಇದೇನ್ ಸಾಲಿ ಏನ್ರಿ?'

ಮೊದಲ ಗಂಟೆ: ಕೇಳುವುದು, ಬರೆಯುವುದು

ಪಾಲಕರನ್ನು ಕಚೇರಿಯ ಕೌಂಟರ್ ಮುಂದೆ ನಿಲ್ಲಿಸಿ ಮಾತಾಡಿಸಬೇಡಿ. ಒಳಗೆ ಕೂರಿಸಿ, ನೀರು ಕೊಡಿ. ಆರೋಪ ಬಂದಿರುವ ಟೀಚರನ್ನು ಆಗಲೇ ಎದುರಿಗೆ ಕರೆಸಬೇಡಿ. 'ಈಗಲೇ ಕರೆಸಿ ಕೇಳೋಣ' ಎನ್ನುವುದು ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ಆದರೆ ಐದು ನಿಮಿಷದಲ್ಲಿ ಅದು ಜಗಳವಾಗುತ್ತದೆ. ಆಮೇಲೆ ಟೀಚರ್ ಏನು ಹೇಳಿದರೂ ಅದು ಜಗಳದ ಮಾತು, ಹೇಳಿಕೆ ಅಲ್ಲ.

ಕೇಳುವಾಗ ಒಬ್ಬರು ಬರೆದುಕೊಳ್ಳಲಿ. ಪಾಲಕರ ಮಾತನ್ನು ಅವರ ಮಾತಿನಲ್ಲೇ ಬರೆಯಿರಿ. 'ಸ್ಕೇಲ್‌ಲೇ ಹೊಡೆದಾರ' ಎಂದಿದ್ದನ್ನು 'ಶಿಕ್ಷಕರ ವರ್ತನೆ ಬಗ್ಗೆ ಅಸಮಾಧಾನ' ಎಂದು ತಿದ್ದಿದರೆ ಅಲ್ಲಿಗೆ ದೂರು ಸತ್ತಂತೆ. ಬರೆಯಲು ಬಾರದವರಿದ್ದರೆ ಅವರು ಹೇಳಿದ್ದನ್ನು ಬರೆದು, ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ. ಬೆಳಗಾವಿ ಗಡಿಯಲ್ಲಿ ಮರಾಠಿ, ವಿಜಯಪುರದಲ್ಲಿ ಉರ್ದು ಮಾತಾಡುವ ಮನೆಗಳು ಬಹಳ. ಆ ಭಾಷೆ ಬಲ್ಲ ಸಿಬ್ಬಂದಿ ಒಬ್ಬರು ಜೊತೆಗಿರಲಿ. ಅವರು ಆ ಮಗುವಿಗೆ ಪಾಠ ಮಾಡುವವರಾಗಿರಬಾರದು.

ಐದು ಸಂಗತಿ ಕೇಳದೆ ಎದ್ದೇಳಬೇಡಿ. ಏನಾಯಿತು, ಯಾವ ದಿನ ಯಾವ ತಾಸಿನಲ್ಲಿ, ಯಾರು ನೋಡಿದರು, ಹಣ ಯಾರ ಕೈಗೆ ಯಾವಾಗ ಕೊಟ್ಟಿರಿ, ಈಗ ಶಾಲೆ ಏನು ಮಾಡಬೇಕು ಅಂತೀರಿ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ನಮ್ಮ ಉದಾಹರಣೆಯ ತಂದೆಯನ್ನು ಕೇಳಿದರೆ ಟೀಚರನ್ನು ಕೆಲಸದಿಂದ ತೆಗೆಯಿರಿ ಎನ್ನಲಿಲ್ಲ. 'ನಾ ಸುಳ್ಳಗಾರ ಅಲ್ಲ ಅಂತ ಹುಡುಗ್ರ ಮುಂದ ಹೇಳ್ರಿ' ಎಂದರು. ಕೇಳದಿದ್ದರೆ ಶಾಲೆ ಏನೇನೋ ಊಹಿಸಿಕೊಂಡು ಟೀಚರ್ ಪರ ನಿಲ್ಲಲು ತಯಾರಿ ಮಾಡಿಕೊಳ್ಳುತ್ತಿತ್ತು.

ಸೀಳುವುದು

ದೂರಿಗೆ ಬೇರೆ ವಹಿ ಇಡಿ. ಆವಕ-ಜಾವಕ ವಹಿಯಲ್ಲಿ ಸೇರಿಸಿದರೆ ಇಲಾಖೆಯ ಸುತ್ತೋಲೆಗಳ ನಡುವೆ ಅದು ಕಳೆದುಹೋಗುತ್ತದೆ. ಪುಟಗಳಿಗೆ ಮೊದಲೇ ನಂಬರ್ ಹಾಕಿರಲಿ. ಒಂದು ದೂರಿಗೆ ಒಂದು ನಂಬರ್, ಅದರ ಭಾಗಗಳಿಗೆ ಅಕ್ಷರ. ನಮ್ಮ ದೂರು 14 ಅಂತ ಇಟ್ಟುಕೊಳ್ಳಿ.

14-ಅ: ಡ್ರೈವರ್ ಕೈಗೆ ಕೊಟ್ಟ 5,000 ಲೆಕ್ಕಕ್ಕೆ ಬಂದಿಲ್ಲ, ಪಾವತಿ ಅಂದರೆ ರಸೀದಿ ಇಲ್ಲ.
14-ಆ: ಬಾಕಿದಾರರ ಹೆಸರು ತರಗತಿಯಲ್ಲಿ ಓದಿದ್ದು, ಎರಡು ತಾಸು ಹೊರಗೆ ನಿಲ್ಲಿಸಿದ್ದು, ಸ್ಕೇಲಿನಿಂದ ಹೊಡೆದದ್ದು.

ಹೆಸರು ಓದಿದ್ದು ಫೀ ವಿಷಯವೋ ಶಿಸ್ತಿನದೋ ಎಂದು ಇಲ್ಲಿ ಗೊಂದಲ ಬರುತ್ತದೆ. ಸುಲಭದ ಅಳತೆ ಇದು: ಉತ್ತರ ಪುಸ್ತಕದಲ್ಲಿ ಸಿಗುವುದಾದರೆ ಫೀ ಭಾಗ, ಜನರನ್ನು ಕೇಳಿಯೇ ತಿಳಿಯಬೇಕಾದರೆ ಶಿಸ್ತಿನ ಭಾಗ. ಮಗುವಿಗೆ ಮುಟ್ಟಿದ್ದೆಲ್ಲ ಶಿಸ್ತಿನ ಕಡೆಗೇ ಹೋಗಲಿ.

ಅ ಭಾಗ ಕಚೇರಿ ಸೂಪರಿಂಟೆಂಡೆಂಟ್ ಅಥವಾ ಹಿರಿಯ ಕ್ಲರ್ಕಿಗೆ. ಆದರೆ ಆ ಹಣ ಅವರ ಕೈಯಲ್ಲೇ ದಾಟಿರಬಹುದು ಎನಿಸಿದರೆ ಆಡಳಿತ ಮಂಡಳಿಯ ಖಜಾಂಚಿಗೆ. 14-ಆ ಭಾಗ ಆ ತರಗತಿಗೆ ಪಾಠ ಮಾಡದ ಹಿರಿಯ ಶಿಕ್ಷಕಿ ಮತ್ತು ಮಂಡಳಿಯ ಒಬ್ಬ ಸದಸ್ಯರಿಗೆ. ಹೆಡ್‌ಮಾಸ್ತರರು ಎರಡರಲ್ಲೂ ವಿಚಾರಣೆ ಮಾಡಬಾರದು, ಯಾಕೆಂದರೆ ಬಾಕಿ ಪಟ್ಟಿಯನ್ನು ಟೀಚರ್ ಕೈಗೆ ಕೊಟ್ಟವರೇ ಸಾಮಾನ್ಯವಾಗಿ ಅವರು.

ಪಾಲಕರು ಹೋಗುವ ಮೊದಲು ಸ್ವೀಕೃತಿ ಚೀಟಿ ಕೊಡಿ. ಅದರಲ್ಲಿ ದೂರಿನ ನಂಬರ್, ಎರಡು ಭಾಗ, ಯಾರು ನೋಡುತ್ತಾರೆ, ಯಾವತ್ತಿಗೆ ಉತ್ತರ. ಫೀ ಭಾಗಕ್ಕೆ ನಾಲ್ಕು ಕೆಲಸದ ದಿನ, ಶಿಸ್ತಿನ ಭಾಗಕ್ಕೆ ಎಂಟು ಸಾಕಾಗುತ್ತದೆ. ಇವು ಶಾಲೆ ತಾನೇ ಹಾಕಿಕೊಳ್ಳುವ ಗಡುವು. ಚೀಟಿಯಲ್ಲಿ ಬರೆದ ಮೇಲೆ ಮಾತ್ರ ಮೀರಬಾರದು.

ಅದೇ ದಿನ ಇನ್ನೊಂದು ಕೆಲಸ ಇದೆ. ವರಾಂಡದ ಸಿಸಿಟಿವಿ ಇದ್ದರೆ ಆ ತಾಸಿನ ವಿಡಿಯೋವನ್ನು ಪೆನ್‌ಡ್ರೈವ್‌ಗೆ ಹಾಕಿ ಲಕೋಟೆಯಲ್ಲಿಟ್ಟು ಸಹಿ ಮಾಡಿ. ಹಾರ್ಡ್‌ಡಿಸ್ಕ್ ತುಂಬಿದಂತೆ ಹಳೆಯದು ತಾನಾಗೇ ಅಳಿಯುತ್ತದೆ. ಹತ್ತು ದಿನ ಬಿಟ್ಟು 'ಫುಟೇಜ್ ಇಲ್ಲ' ಎಂದರೆ ಅಳಿಸಿದ್ದೀರಿ ಅಂತಲೇ ಜನ ತಿಳಿಯುತ್ತಾರೆ.

ಶಾಲೆ ತಾನೇ ವಿಚಾರಣೆ ಮಾಡಬಾರದ ದೂರು

ಸೀಳುವಾಗಲೇ ಒಂದು ಪ್ರಶ್ನೆ ಹಾಕಿಕೊಳ್ಳಿ. ಇದರಲ್ಲಿ ಲೈಂಗಿಕ ಕಿರುಕುಳದ ಮಾತು ಇದೆಯಾ? ಇದ್ದರೆ ಮೇಲಿನ ವಹಿ, ಎಂಟು ದಿನ, ಸಮಿತಿ ಯಾವುದೂ ಅನ್ವಯ ಆಗುವುದಿಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. 'ಮೊದಲು ನಾವು ಖಚಿತ ಮಾಡ್ಕೋತೀವಿ' ಎಂದು ಮಗುವನ್ನು ಕೂರಿಸಿ ಪ್ರಶ್ನೆ ಕೇಳಬೇಡಿ. ತಮ್ಮ ಕೈಕೆಳಗಿನವರ ಮೇಲಿನ ಇಂಥ ವಿಷಯ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ 21ನೇ ಕಲಂ ಅಡಿ ಒಂದು ವರ್ಷದವರೆಗೆ ಸಜೆ ಮತ್ತು ದಂಡ ಇದೆ. ಅಂದೇ ಠಾಣೆಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ಪಾಲಕರು 'ಊರಾಗ ಮಾನ ಹೋಗತೈತಿ, ಬ್ಯಾಡ್ರಿ' ಎಂದು ಕೇಳಿಕೊಂಡರೂ ತಿಳಿಸುವ ಹೊಣೆ ಹೋಗುವುದಿಲ್ಲ.

ಮೈಮೇಲೆ ಗಾಯ, ಬಾವು, ಮೂಳೆ ನೋವು ಇದ್ದರೆ ಮೊದಲು ಸರ್ಕಾರಿ ಆಸ್ಪತ್ರೆ. ಪಾಲಕರು ಠಾಣೆಗೆ ಹೋಗುತ್ತೇನೆ ಎಂದರೆ ತಡೆಯಬೇಡಿ. ನಮ್ಮ ಹುಡುಗನಿಗೆ ಗಾಯ ಇಲ್ಲ, ಹಾಗಾಗಿ ಮುಂದುವರಿಯೋಣ.

ಅ ಭಾಗ: ಲೆಕ್ಕ

ಫೀ ದೂರಿನಲ್ಲಿ ಮೊದಲು ಮೂರು ಸಂಖ್ಯೆ ಒಂದೇ ಹಾಳೆಯ ಮೇಲೆ ಬರಬೇಕು: ಶಾಲೆ ಹೇಳುವ ಬಾಕಿ, ಪಾಲಕರು ಹೇಳುವ ಬಾಕಿ, ಪುಸ್ತಕಗಳಿಂದ ಬರುವ ಬಾಕಿ. ಇಲ್ಲಿ ಶಾಲೆಯ ಲೆಡ್ಜರ್ 16,000 ಎನ್ನುತ್ತದೆ. ತಂದೆ 11,000 ಎನ್ನುತ್ತಾರೆ. ಐದು ಸಾವಿರ ಎಲ್ಲಿ ಹೋಯಿತು ಎನ್ನುವುದೇ ಪ್ರಶ್ನೆ.

ಲೆಡ್ಜರ್ ಒಂದನ್ನೇ ನೋಡಿ ಉತ್ತರ ಕೊಡಬೇಡಿ. ಅದು ಬರೆದದ್ದನ್ನು ಮಾತ್ರ ತೋರಿಸುತ್ತದೆ. ರಸೀದಿ ಪುಸ್ತಕದ ಕಾರ್ಬನ್ ಪ್ರತಿ, ಆ ವಾರದ ನಗದು ಪುಸ್ತಕ, ಬ್ಯಾಂಕಿಗೆ ಹಾಕಿದ ಚಲನ್, ಈ ಮೂರನ್ನೂ ತಾಳೆ ನೋಡಿ. ಫೋನ್‌ಪೇ, ಗೂಗಲ್‌ಪೇಯಲ್ಲಿ ಕಟ್ಟಿದ್ದರೆ ಪಾಲಕರ ಮೊಬೈಲಿನ ಸ್ಕ್ರೀನ್‌ಶಾಟ್ ಸಾಲದು, ಅದರಲ್ಲಿರುವ 12 ಅಂಕಿಯ ಯುಪಿಐ ನಂಬರನ್ನು ಶಾಲೆಯ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹುಡುಕಿ. ಅಲ್ಲಿ ಸಿಗದಿದ್ದರೆ ಹಣ ಯಾವ ನಂಬರಿಗೆ ಹೋಗಿದೆ ನೋಡಿ. ಎಷ್ಟೋ ಸಲ ಅದು ಕ್ಲರ್ಕಿನ ಸ್ವಂತ ನಂಬರ್ ಆಗಿರುತ್ತದೆ. ಶಾಲೆಯ ಖಾತೆಯ ಕ್ಯೂಆರ್ ಬಿಟ್ಟು ಬೇರೆ ಯಾವುದಕ್ಕೂ ಹಣ ತೆಗೆದುಕೊಳ್ಳಬಾರದು ಎಂದು ಗೋಡೆಯ ಮೇಲೆ ಬರೆಸುವುದು ಇದಕ್ಕೇ.

ನಮ್ಮ ಪ್ರಕರಣದಲ್ಲಿ ಪುಸ್ತಕಗಳಲ್ಲಿ ಏನೂ ಸಿಗುವುದಿಲ್ಲ. ಆಗ ಡ್ರೈವರನ್ನು ಕೇಳಬೇಕು. ಗಾಡಿ ಅವರ ಸ್ವಂತದ್ದು, ತಿಂಗಳಿಗೆ 600 ರೂಪಾಯಿ ಬಾಡಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳ 2,400 ಬರಬೇಕಿತ್ತು. ತಂದೆ ಕೊಟ್ಟ 5,000ದಲ್ಲಿ ಅದನ್ನು ಹಿಡಿದುಕೊಂಡು ಉಳಿದ 2,600ನ್ನು ಕ್ಲರ್ಕಿಗೆ ಕೊಟ್ಟಿದ್ದಾರೆ. ಕ್ಲರ್ಕ್ 'ಕಂತು ಪೂರ್ತಿ ಆಗಿಲ್ಲ, ಉಳಿದದ್ದು ಬಂದ ಮೇಲೆ ಪಾವತಿ ಹರಿಯೋಣ' ಎಂದು ನೋಟುಗಳಿಗೆ ಒಂದು ಚೀಟಿ ಸುತ್ತಿ ಡ್ರಾಯರಿನಲ್ಲಿ ಇಟ್ಟಿದ್ದಾರೆ. ಇಲ್ಲಿ ಯಾರೂ ಕದ್ದಿಲ್ಲ. ಆದರೂ ಒಬ್ಬ ಹುಡುಗನ ಮಾನ ಹೋಯಿತು.

ಲೆಕ್ಕ ಹೀಗೆ ಬರುತ್ತದೆ. ವರ್ಷದ 26,000ದಲ್ಲಿ 10,000 ಮತ್ತು 2,600 ಕಳೆದರೆ 13,400. ಇದರಲ್ಲಿ ಜನವರಿ ಕಂತಿನ 8,000 ಇನ್ನೂ ಕೊಡುವ ಹೊತ್ತೇ ಆಗಿಲ್ಲ. ಗಡುವು ದಾಟಿದ ಬಾಕಿ 5,400 ಮಾತ್ರ. ಟೀಚರ್ ಕೈಯಲ್ಲಿದ್ದ ಪಟ್ಟಿಯಲ್ಲಿ ಈ ಹುಡುಗನ ಮುಂದೆ 16,000 ಎಂದಿತ್ತು. ನನ್ನ ಪ್ರಕಾರ ಇಂಥ ಜಗಳಗಳಿಗೆ ದೊಡ್ಡ ಕಾರಣ ಇದೇ. ಸಾಫ್ಟ್‌ವೇರ್ ಅಥವಾ ಎಕ್ಸೆಲ್ ಪಟ್ಟಿ ವರ್ಷದ ಒಟ್ಟಿನಲ್ಲಿ ಕಟ್ಟಿದ್ದನ್ನು ಕಳೆದು ಉಳಿದದ್ದನ್ನೆಲ್ಲ 'ಬಾಕಿ' ಎಂದು ಮುದ್ರಿಸುತ್ತದೆ. ಗಡುವು ಬಾರದ ಕಂತು ಬಾಕಿ ಅಲ್ಲ. ಪಟ್ಟಿಯಲ್ಲಿ 'ಇಂದಿಗೆ ಕೊಡಬೇಕಾದದ್ದು' ಎಂಬ ಕಾಲಂ ಬೇರೆ ಇರಲಿ.

ಮುಂದಿನ ಹೆಜ್ಜೆ ಬೇಗ ಆಗಬೇಕು. 2,600ಕ್ಕೆ ಅಂದೇ ಪಾವತಿ ಹರಿಯಿರಿ. ಹಿಂದಿನ ತಾರೀಖು ಹಾಕಬೇಡಿ. ಇಂದಿನ ತಾರೀಖು ಹಾಕಿ, 'ಅಕ್ಟೋಬರ್‌ನಲ್ಲಿ ವಾಹನ ಚಾಲಕರ ಮೂಲಕ ಬಂದದ್ದು' ಎಂದು ಕೆಳಗೆ ಬರೆಯಿರಿ. ಉಳಿದ 5,400ಕ್ಕೆ ತಂದೆಯ ಕೈಯಿಂದಲೇ ತಾರೀಖು ಹೇಳಿಸಿ ಬರೆಸಿಕೊಳ್ಳಿ, ಬೇಕಿದ್ದರೆ ಎರಡು ಸಣ್ಣ ಕಂತು ಮಾಡಿ. ಬಿಲ್ ಬರುವ ತಿಂಗಳು ಅವರಿಗೇ ಗೊತ್ತು. ಬನಹಟ್ಟಿ, ಇಳಕಲ್‌ನ ನೇಕಾರರಾದರೆ ವಾರದ ಮಜೂರಿ ಬರುತ್ತದೆ, ಅವರಿಗೆ ತಿಂಗಳ ಸಣ್ಣ ಕಂತು ಹೊಂದುತ್ತದೆ. ಕಬ್ಬಿನವರಿಗೆ ಅದು ಹೊಂದುವುದಿಲ್ಲ. ಎಲ್ಲರಿಗೂ ಒಂದೇ ಗಡುವು ಇಟ್ಟು ಆಮೇಲೆ ನವೆಂಬರ್‌ನಲ್ಲಿ ಹೊಡೆದಾಡುವುದಕ್ಕಿಂತ, ದಾಖಲಾತಿ ಮಾಡಿಕೊಳ್ಳುವಾಗಲೇ ಎರಡು ಬಗೆಯ ಕಂತು ಕೊಡುವುದು ಲೇಸು.

ಬಾಕಿ ವಸೂಲಿಗೆ ಮಗುವನ್ನು ಒತ್ತೆ ಇಡಬೇಡಿ. ಒಂದರಿಂದ ಎಂಟನೇ ತರಗತಿಯವರೆಗೆ 2009ರ ಶಿಕ್ಷಣ ಹಕ್ಕು ಕಾಯ್ದೆ ಇದೆ. 16ನೇ ಕಲಂ ಪ್ರಕಾರ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಬೇರೆ ಶಾಲೆಗೆ ಹೋಗುವ ಮಗು ಟಿಸಿ ಕೇಳಿದರೆ ಕೂಡಲೇ ಕೊಡಬೇಕು ಎಂಬುದು 5ನೇ ಕಲಂನಲ್ಲಿದೆ. ಹತ್ತನೇ ತರಗತಿಯ ಹಾಲ್ ಟಿಕೆಟ್ ಪರೀಕ್ಷಾ ಮಂಡಲಿಯ ಕಾಗದ, ಶಾಲೆಯ ಅಡವಲ್ಲ. ಬಾಕಿ ಪಾಲಕರದ್ದು, ಪತ್ರವೂ ಮಾತೂ ಪಾಲಕರ ಜೊತೆಗೇ.

ಆ ಭಾಗ: ತರಗತಿಯಲ್ಲಿ ಏನಾಯಿತು

ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತದೆ. ಹಾಗಾಗಿ 'ಹೊಡೆದಿಲ್ಲ, ಸುಮ್ನೆ ಹೊರಗೆ ನಿಲ್ಲಿಸಿದ್ದು' ಎನ್ನುವುದು ಪೂರ್ತಿ ಬಚಾವಲ್ಲ. ಫೀ ಬಾಕಿ ಎಂದು ಎಲ್ಲರೆದುರು ಹೆಸರು ಓದುವುದೂ ಇದರೊಳಗೇ ಬರುತ್ತದೆ.

ಮೊದಲು ಹುಡುಗನ ಮಾತು ಕೇಳಿ. ತಾಯಿ ಅಥವಾ ತಂದೆ ಜೊತೆಗಿರಲಿ, ಆದರೆ ಮಾತಾಡುವವನು ಹುಡುಗನೇ ಆಗಿರಲಿ. ಪ್ರಶ್ನೆ ತೆರೆದಿರಬೇಕು. 'ಸರ್ ಹೊಡೆದ್ರಾ?' ಎಂದರೆ ಹೂಂ ಅಥವಾ ಇಲ್ಲ ಮಾತ್ರ ಬರುತ್ತದೆ. 'ಸೋಮವಾರ ಎರಡನೇ ತಾಸಿನ್ಯಾಗ ಏನೇನಾತು, ಶುರುವಿಂದ ಹೇಳಪಾ' ಎನ್ನಿ. ಆಮೇಲೆ ಸುಮ್ಮನಿರಿ. ಒಂದು ಸಲ ಕೇಳಿದರೆ ಸಾಕು, ಮತ್ತೆ ಮತ್ತೆ ಕರೆದು ಕೇಳಬೇಡಿ.

ನಂತರ ಮೂರು ನಾಲ್ಕು ಸಹಪಾಠಿಗಳು, ಒಬ್ಬೊಬ್ಬರಾಗಿ, ಅದೇ ಪ್ರಶ್ನೆ. ಹುಡುಗನ ಗೆಳೆಯರೇ ಎಲ್ಲ ಆಗಿರಬಾರದು, ಬೇರೆ ಬೇರೆ ಬೆಂಚಿನವರಿರಲಿ. ವರದಿಯಲ್ಲಿ ಅವರ ಹೆಸರು ಬೇಡ, 'ವಿದ್ಯಾರ್ಥಿ 1, 2' ಎಂದು ಸಾಕು. ಹೆಸರಿರುವ ಹಾಳೆ ಬೇರೆ ಲಕೋಟೆಯಲ್ಲಿರಲಿ. ಟೀಚರಿಗೆ ಗೊತ್ತಾದರೆ ಆ ಮಕ್ಕಳ ಗತಿ ಏನು, ಯೋಚಿಸಿ.

ಟೀಚರ್ ಕಡೆಯಿಂದ ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ಅವರಿಗೆ ಆರೋಪಗಳನ್ನು ಒಂದೊಂದಾಗಿ ಬರೆದು ಕೊಡಿ, ಎರಡು ದಿನ ಸಮಯ ಕೊಡಿ. ಅವರ ಕಷ್ಟವೂ ಸಣ್ಣದಲ್ಲ. ಪಾಠ ಮಾಡುವವರ ಕೈಗೆ ವಸೂಲಿ ಪಟ್ಟಿ ಕೊಟ್ಟವರು ಯಾರು ಎನ್ನುವುದೂ ವರದಿಯಲ್ಲಿ ಬರಲೇಬೇಕು.

ನಮ್ಮ ಟೀಚರ್ ಹೀಗೆ ಬರೆದುಕೊಡುತ್ತಾರೆ: ಹೆಸರು ಓದಿದ್ದು ನಿಜ, ಕಚೇರಿಯಿಂದ ಹಾಗೇ ಹೇಳಿದ್ದರು. ಹುಡುಗ 'ನಮ್ಮಪ್ಪ ಕೊಟ್ಟಾನ, ನೀವs ಸುಳ್ಳ ಬರಕೊಂಡೀರಿ' ಎಂದು ಎದುರು ಮಾತಾಡಿದ, ಅದಕ್ಕೇ ಹೊರಗೆ ನಿಲ್ಲಿಸಿದೆ. ಹೊಡೆದಿಲ್ಲ.

ಎರಡು ಆರೋಪಗಳಲ್ಲಿ ತಕರಾರೇ ಇಲ್ಲ. ಉಳಿದದ್ದು ಸ್ಕೇಲ್. ಕೈಯಲ್ಲಿ ಗುರುತಿಲ್ಲ, ವಿಡಿಯೋದಲ್ಲಿ ವರಾಂಡ ಮಾತ್ರ ಕಾಣುತ್ತದೆ. ಇಲ್ಲೇ ಬಹಳ ಸಮಿತಿಗಳು 'ಪುರಾವೆ ಇಲ್ಲ' ಎಂದು ಕೈ ತೊಳೆದುಕೊಳ್ಳುತ್ತವೆ. ಗುರುತು ಬೇಕೇ ಬೇಕು ಎಂದೇನಿಲ್ಲ, ಇದು ಕೋರ್ಟ್ ಅಲ್ಲ. ಯಾವ ಮಾತು ಹೆಚ್ಚು ನಂಬುವಂತಿದೆ ಎಂದು ನೋಡಿ, ಯಾಕೆ ನಂಬಿದಿರಿ ಎಂದು ಬರೆದರೆ ಸಾಕು. ಸಣ್ಣ ವಿವರಗಳನ್ನು ಗಮನಿಸಿ. ಹುಡುಗ ಹೇಳಿದ್ದು ಎಡಗೈಗೆ ಎರಡು ಏಟು, ಮುಂದಿನ ಬೆಂಚಿನ ಹುಡುಗಿಯ ಸ್ಕೇಲ್. ಬೇರೆ ಬೇರೆ ಬೆಂಚಿನ ಇಬ್ಬರು ಮಕ್ಕಳು ಯಾರೂ ಕೇಳದೆಯೇ ಸ್ಕೇಲ್ ಯಾರದು ಎಂಬುದನ್ನು ಹೇಳಿದರು. ಏಟು ಎಷ್ಟು ಎನ್ನುವುದರಲ್ಲಿ ಒಬ್ಬ ಎರಡು ಎಂದ, ಇನ್ನೊಬ್ಬಳು ನೋಡಲಿಲ್ಲ ಎಂದಳು. ಹೇಳಿಕೊಟ್ಟ ಮಾತು ಹೀಗಿರುವುದಿಲ್ಲ. ಹೇಳಿಕೊಟ್ಟಿದ್ದರೆ ಮೂವರ ವಾಕ್ಯವೂ ಒಂದೇ ಇರುತ್ತಿತ್ತು, ನಡುವಿನ ಪ್ರಶ್ನೆ ಕೇಳಿದರೆ ತಡವರಿಸುತ್ತಿದ್ದರು. ಸಮಿತಿ ಮೂರೂ ಆರೋಪ ಸಾಬೀತು ಎಂದು ಬರೆಯುತ್ತದೆ.

ಸಮಿತಿಯ ಕೆಲಸ ಅಲ್ಲಿಗೆ ಮುಗಿಯಿತು. ಟೀಚರ್ ಮೇಲಿನ ಕ್ರಮ ಆಡಳಿತ ಮಂಡಳಿಯದು. ಇಲ್ಲಿ ಲಿಖಿತ ಎಚ್ಚರಿಕೆ ಸಾಕು. ಕೆಲಸದಿಂದ ತೆಗೆಯುವಂಥದ್ದಕ್ಕೆ ಸೇವಾ ನಿಯಮದ ಪ್ರಕಾರ ಬೇರೆಯೇ ವಿಚಾರಣೆ ಬೇಕು, ಈ ವರದಿಯ ಮೇಲೆ ನೇರವಾಗಿ ಮಾಡುವಂತಿಲ್ಲ. ಬಾಕಿ ಪಟ್ಟಿ ಇನ್ನು ಮುಂದೆ ಯಾವ ಟೀಚರ್ ಕೈಗೂ ಹೋಗಬಾರದು ಎಂದು ಮಂಡಳಿ ಕಚೇರಿಗೂ ಆದೇಶ ಕೊಡಬೇಕು. ಅದನ್ನು ಮಾಡದೆ ಟೀಚರಿಗೆ ಮಾತ್ರ ಎಚ್ಚರಿಕೆ ಕೊಟ್ಟರೆ ಅನ್ಯಾಯ, ಅಲ್ವಾ?

ಹುಡುಗ ಎದುರು ಮಾತಾಡಿದ್ದರ ಮಾತೇನು? ಅದನ್ನು ಈ ದೂರಿನೊಳಗೆ ತರಬೇಡಿ. ಟೀಚರಿಗೆ ಆ ಬಗ್ಗೆ ಹೇಳುವುದಿದ್ದರೆ ಬೇರೆ ನಂಬರಿನಲ್ಲಿ ಬರೆದುಕೊಡಲಿ. ಇಲ್ಲದಿದ್ದರೆ ದೂರು ಕೊಟ್ಟದ್ದಕ್ಕೆ ಶಿಕ್ಷೆ ಎಂದೇ ಆಗುತ್ತದೆ. ಅದೂ ಈ ಪ್ರಕರಣದಲ್ಲಿ ಹುಡುಗ ಹೇಳಿದ್ದು ಅರ್ಧ ಸರಿಯೇ ಇತ್ತು.

ಉತ್ತರ ಪತ್ರ

ಎರಡೂ ಭಾಗಕ್ಕೆ ಎರಡು ಪತ್ರ. ಅ ಭಾಗದ ಉತ್ತರ ಶುಕ್ರವಾರವೇ ಹೋಯಿತು. ಆ ಭಾಗದ್ದು ಮುಂದಿನ ಗುರುವಾರ. ಮಾದರಿಗೆ ಎರಡನೆಯದನ್ನು ಕೊಡುತ್ತೇನೆ.

> ದೂರು 14-ಆ
>
> ಮಾನ್ಯ ಪಾಲಕರೇ,
>
> ನೀವು ಮೂರು ವಿಷಯ ಹೇಳಿದ್ದಿರಿ. ನಿಮ್ಮ ಮಗ, ಸಹಪಾಠಿಗಳು ಮತ್ತು ಶಿಕ್ಷಕರ ಮಾತು ಕೇಳಿ ಸಮಿತಿ ಹೀಗೆ ಕಂಡುಕೊಂಡಿದೆ. ಫೀ ಬಾಕಿ ಎಂದು ತರಗತಿಯಲ್ಲಿ ಹೆಸರು ಓದಿದ್ದು ನಿಜ. ಎರಡು ತಾಸು ಹೊರಗೆ ನಿಲ್ಲಿಸಿದ್ದು ನಿಜ. ಸ್ಕೇಲಿನಿಂದ ಹೊಡೆದದ್ದೂ ನಿಜ ಎಂದು ಸಮಿತಿ ನಂಬಿದೆ. ಈ ಮೂರೂ ಆಗಬಾರದಿತ್ತು. ಇದಕ್ಕೆ ಶಾಲೆ ನಿಮ್ಮ ಮತ್ತು ನಿಮ್ಮ ಮಗನ ಕ್ಷಮೆ ಕೇಳುತ್ತದೆ.
>
> ಶಿಕ್ಷಕರಿಗೆ ಲಿಖಿತ ಎಚ್ಚರಿಕೆ ಕೊಡಲಾಗಿದೆ. ಬಾಕಿ ಪಟ್ಟಿಯನ್ನು ತರಗತಿಗೆ ಕಳಿಸುವುದನ್ನು ನಿಲ್ಲಿಸಲಾಗಿದೆ. ನೀವು ಕೇಳಿದಂತೆ, ಹೆಸರು ಓದಿದ್ದು ಶಾಲೆಯ ತಪ್ಪು ಎಂದು ಮುಖ್ಯೋಪಾಧ್ಯಾಯರು ಅದೇ ತರಗತಿಯಲ್ಲಿ ಹೇಳುತ್ತಾರೆ.
>
> ಈ ಉತ್ತರ ಒಪ್ಪಿಗೆ ಆಗದಿದ್ದರೆ 15 ದಿನದೊಳಗೆ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಬರೆಯಬಹುದು. ಯಾವಾಗ ಬೇಕಾದರೂ ನೇರವಾಗಿ ಕ್ಷೇತ್ರ ಶಿಕ್ಷಣಾಧಿಕಾರಿಗೂ ಬರೆಯಬಹುದು.

ತರಗತಿಯಲ್ಲಿ ಹೇಳುವಾಗ ಹಣದ ಮೊತ್ತ ಎತ್ತಬೇಡಿ. 'ಸೋಮವಾರ ಇಲ್ಲಿ ಕೆಲವರ ಹೆಸರು ಓದಿದ್ದು ಶಾಲೆಯ ತಪ್ಪು, ಪಟ್ಟಿಯೂ ಸರಿ ಇರಲಿಲ್ಲ' ಎಂದರೆ ಮುಗಿಯಿತು. ಪಟ್ಟಿಯಲ್ಲಿದ್ದ ಎಲ್ಲ ಮಕ್ಕಳಿಗೂ ಅದು ತಲುಪುತ್ತದೆ.

ಮೇಲ್ಮನವಿಯ ಸಾಲನ್ನು ಪತ್ರದಿಂದ ತೆಗೆಯಲು ಮಂಡಳಿಯವರು ಒತ್ತಾಯ ಮಾಡುತ್ತಾರೆ. 'ಬಿಇಓ ದಾರಿ ನಾವೇ ಯಾಕೆ ತೋರಿಸಬೇಕು?' ಎನ್ನುತ್ತಾರೆ. ದಾರಿ ಪಾಲಕರಿಗೆ ಹೇಗೂ ಗೊತ್ತು. ಬಿಇಓ ಮೇಲೆ ಡಿಡಿಪಿಐ ಇದ್ದಾರೆ. ಬೆಳಗಾವಿ ಜಿಲ್ಲೆಯವರು ಮಾತ್ರ ನೆನಪಿಡಬೇಕು, ಅಲ್ಲಿ ಬೆಳಗಾವಿ ಮತ್ತು ಚಿಕ್ಕೋಡಿ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಂ ಅಡಿ ಸ್ಥಳೀಯ ಪ್ರಾಧಿಕಾರಕ್ಕೆ ಬರೆದ ದೂರನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕು, ಅದರ ಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಹೋಗಬಹುದು. ಅಲ್ಲಿಗೆ ಹೋದಾಗ ಶಾಲೆಯನ್ನು ಕಾಯುವುದು ನಂಬರ್ ಹಾಕಿದ ಆ ವಹಿ ಮತ್ತು ಸ್ವೀಕೃತಿ ಚೀಟಿ.

ದಾರಿ ತಪ್ಪುವ ಜಾಗಗಳು

ಊರಿನ ಹಿರಿಯರು ನಡುವೆ ಬರುವುದು ನಮ್ಮ ಕಡೆ ಸಹಜ. ಪಂಚಾಯ್ತಿ ಮೆಂಬರ್ ಒಬ್ಬರು ಫೋನ್ ಮಾಡಿ, 'ಎಲ್ಲಾ ಕೂಡಿ ಬಗಿಹರಿಸೋಣ್ರಿ, ಫೀ ಸ್ವಲ್ಪ ಕಡಿಮಿ ಮಾಡ್ರಿ, ಅವರು ಅರ್ಜಿ ವಾಪಸ್ ತಗೋತಾರ' ಎನ್ನುತ್ತಾರೆ. ಹಿರಿಯರು ಪಾಲಕರ ಜೊತೆ ಬಂದು ಕೂರಬಹುದು. ಆದರೆ 5,400ರಲ್ಲಿ ಒಂದು ರೂಪಾಯಿಯೂ 14-ಆ ಕಾರಣಕ್ಕೆ ಕಡಿಮೆ ಆಗಬಾರದು. ರಿಯಾಯಿತಿ ಬೇಕಿದ್ದರೆ ಅದಕ್ಕೆ ಬೇರೆ ಅರ್ಜಿ, ಎಲ್ಲ ಪಾಲಕರಿಗೂ ಇರುವ ನಿಯಮದಲ್ಲೇ ನೋಡಲಿ. ಇಲ್ಲದಿದ್ದರೆ ಮುಂದಿನ ವರ್ಷ ದೂರು ಕೊಟ್ಟರೆ ಫೀ ಕಡಿಮೆ ಆಗುತ್ತದೆ ಎಂದು ಊರು ಕಲಿಯುತ್ತದೆ. ಪಾಲಕರು ತಾವಾಗೇ ದೂರು ಹಿಂದೆ ತೆಗೆದುಕೊಂಡರೂ, ಹೊಡೆದ ಆರೋಪ ಇದ್ದರೆ ವಿಚಾರಣೆ ಮುಗಿಸಿ ವಹಿಯಲ್ಲಿ ಬರೆಯಿರಿ.

ಇನ್ನೊಂದು ಜಾಗ ತರಗತಿಯ ವಾಟ್ಸಾಪ್ ಗುಂಪು. ದೂರಿನ ದಿನವೇ ಅಲ್ಲಿ ಚರ್ಚೆ ಶುರುವಾಗುತ್ತದೆ. ಟೀಚರುಗಳು ಅಲ್ಲಿ ಉತ್ತರ ಕೊಡಬಾರದು. ಶಾಲೆಯಿಂದ ಒಂದೇ ಸಾಲು ಹೋಗಲಿ: 'ಈ ವಿಷಯ ದೂರಿನ ವಹಿಯಲ್ಲಿ ದಾಖಲಾಗಿದೆ, ಉತ್ತರವನ್ನು ಆ ಪಾಲಕರಿಗೆ ಕೊಡುತ್ತೇವೆ.' ಬಾಕಿ ಪಟ್ಟಿಯನ್ನು ಗುಂಪಿಗೆ ಹಾಕುವುದಂತೂ ತರಗತಿಯಲ್ಲಿ ಓದಿದ್ದಕ್ಕಿಂತ ಕೆಟ್ಟದ್ದು.

ಎಲ್ಲಕ್ಕಿಂತ ಕಾಣದ ತೊಂದರೆ ದೂರು ಮುಗಿದ ಮೇಲಿನದು. ಯಾರೂ ಹೊಡೆಯುವುದಿಲ್ಲ, ಬೈಯುವುದಿಲ್ಲ. ಮಗುವನ್ನು ಪ್ರಶ್ನೆಯನ್ನೇ ಕೇಳುವುದಿಲ್ಲ. ನೋಟ್‌ಬುಕ್ ತಿದ್ದದೆ ಹಾಗೇ ವಾಪಸ್ ಬರುತ್ತದೆ. ಗ್ಯಾದರಿಂಗ್ ನಾಟಕದಲ್ಲಿ ಹೆಸರು ಬಿಟ್ಟುಹೋಗುತ್ತದೆ. ಇದನ್ನು ಹಿಡಿಯಲು ದೂರು ಮುಚ್ಚಿದ 15ನೇ ದಿನ ಮತ್ತು ಎರಡನೇ ತಿಂಗಳ ಕೊನೆಗೆ ವಿಚಾರಣೆ ಮಾಡಿದ ಆ ಹಿರಿಯ ಶಿಕ್ಷಕಿ ಮೂರು ವಸ್ತು ನೋಡಬೇಕು: ಹಾಜರಿ, ಆ ವಿಷಯದ ನೋಟ್‌ಬುಕ್, ದೂರಿನ ಮೊದಲಿನ ಮತ್ತು ನಂತರದ ಕಿರುಪರೀಕ್ಷೆ ಅಂಕ. ಸೋಮವಾರಗಳಂದೇ ಗೈರಾದರೆ, ತಿದ್ದಿದ ಕೆಂಪು ಗುರುತು ಒಂದು ತಾರೀಖಿನಿಂದ ನಿಂತುಹೋಗಿದ್ದರೆ, ಉಳಿದ ವಿಷಯಗಳಲ್ಲಿ ಹಾಗೇ ಇದ್ದು ಒಂದರಲ್ಲಿ ಮಾತ್ರ ಅಂಕ ಬಿದ್ದಿದ್ದರೆ, ವಹಿಯಲ್ಲಿ 14-ಇ ಎಂದು ಹೊಸ ಸಾಲು ತೆರೆಯಿರಿ. ಪಾಲಕರು ಬಂದು ಕೇಳುವತನಕ ಕಾಯಬೇಡಿ.